ಎರಡು ಆಂಬುಲೆನ್ಸ್, ಹದಿನೇಳು ಸಾವಿರ ಮನೆ

ಒಂದು ತಾಲ್ಲೂಕಿಗೆ ಎರಡೇ ಎರಡು ಆಂಬುಲೆನ್ಸ್ ಸಿಕ್ಕಿವೆ ಎಂದುಕೊಳ್ಳೋಣ. ಎಲ್ಲಿ ನಿಲ್ಲಿಸಬೇಕು? ಹೆಚ್ಚಿನವರ ಬಾಯಿಗೆ ಮೊದಲು ಬರುವ ಉತ್ತರ ತಾಲ್ಲೂಕು ಆಸ್ಪತ್ರೆಯ ಆವರಣ. ಅಲ್ಲಿ ನೆರಳಿದೆ, ನೀರಿದೆ, ಚಾಲಕನಿಗೆ ಒಂದು ಕೋಣೆಯಿದೆ. ವಾಹನ ಎಲ್ಲಿದೆ ಎಂಬುದು ವೈದ್ಯಾಧಿಕಾರಿಯ ಕಣ್ಣಿಗೂ ಬೀಳುತ್ತದೆ. ಆದರೆ ಆಸ್ಪತ್ರೆ ಇರುವ ಊರಿನ ಜನ ಆಟೊ ಹಿಡಿದಾದರೂ ಹತ್ತು ನಿಮಿಷದಲ್ಲಿ ಆಸ್ಪತ್ರೆಗೆ ಬರಬಲ್ಲರು. ಮೂವತ್ತು ಕಿಲೋಮೀಟರ್ ದೂರದ ಹೋಬಳಿಯಲ್ಲಿ ಎದೆನೋವು ಬಂದವನಿಗೆ ಆ ದಾರಿಯಿಲ್ಲ. ವಾಹನ ಪಟ್ಟಣದಿಂದ ಹೊರಟು, ಅವನನ್ನು ಹುಡುಕಿ, ಮತ್ತೆ ಪಟ್ಟಣಕ್ಕೇ ಮರಳಬೇಕು. ಹೃದಯ ನಿಂತುಹೋದ ವ್ಯಕ್ತಿಗೆ ಎದೆ ಒತ್ತುವವರು ಯಾರೂ ಹತ್ತಿರವಿಲ್ಲದಿದ್ದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ ಎಂಬುದು ವೈದ್ಯರು ಒಪ್ಪಿರುವ ಲೆಕ್ಕ. ಹಾಗಾಗಿ ವಾಹನ ಎಲ್ಲಿ ನಿಂತಿರಬೇಕು ಎಂಬ ಪ್ರಶ್ನೆಯನ್ನು ನೆರಳು, ನೀರು ನೋಡಿಯೇ ತೀರ್ಮಾನಿಸಿ ಮುಗಿಸುವಂತಿಲ್ಲ.

ಈ ಪ್ರಶ್ನೆಗೆ ಅರ್ಧ ಶತಮಾನದಿಂದ ಬೆಳೆದುಬಂದ ಒಂದು ಗಣಿತವಿದೆ. ಭೂಗೋಳದವರೂ ಎಂಜಿನಿಯರುಗಳೂ ಇದನ್ನು ಲೊಕೇಶನ್-ಅಲೊಕೇಶನ್ ಎನ್ನುತ್ತಾರೆ. ಸೇವಾ ಕೇಂದ್ರಗಳು ಎಲ್ಲೆಲ್ಲಿ ಇರಬೇಕು, ಯಾವ ಮನೆ ಯಾವ ಕೇಂದ್ರದ ಪಾಲಿಗೆ ಬರಬೇಕು ಎಂಬೆರಡನ್ನೂ ಒಟ್ಟಿಗೆ ನಿರ್ಧರಿಸುವ ವಿಧಾನ ಇದು.

1971ರಲ್ಲಿ ಕಾನ್‌ಸ್ಟಂಟೈನ್ ಟೊರೆಗಾಸ್, ಚಾರ್ಲ್ಸ್ ರೆವೆಲ್ ಮತ್ತು ಸಂಗಡಿಗರು ತುರ್ತು ಸೇವೆಗಳ ಪ್ರಶ್ನೆಯನ್ನು ಹೀಗೆ ಇಟ್ಟರು: ಪ್ರತಿಯೊಂದು ಮನೆಗೂ ಇಂತಿಷ್ಟು ನಿಮಿಷದೊಳಗೆ ವಾಹನ ತಲುಪಲೇಬೇಕು ಎಂದಾದರೆ, ಕನಿಷ್ಠ ಎಷ್ಟು ಕೇಂದ್ರ ಬೇಕು? ಪ್ರಶ್ನೆ ನ್ಯಾಯವಾಗಿಯೇ ಇದೆ. ಆದರೆ ಉತ್ತರ ನೋಡಿದ ಯಾವ ಹಣಕಾಸು ಅಧಿಕಾರಿಯೂ ಸಹಿ ಹಾಕುವುದಿಲ್ಲ. ಊರುಗಳೆಲ್ಲ ಮುಗಿದ ಮೇಲೆ ಉಳಿಯುವ ಗುಡ್ಡದ ಮಜರೆ, ನಡುಗಡ್ಡೆ, ಕಾಡಂಚಿನ ನಾಲ್ಕು ಮನೆಗಳಿಗಾಗಿ ಒಂದೊಂದು ಕೇಂದ್ರ ಏರುತ್ತಾ ಹೋಗುತ್ತದೆ. ಮೂರು ವರ್ಷದ ನಂತರ, 1974ರಲ್ಲಿ, ರಿಚರ್ಡ್ ಚರ್ಚ್ ಮತ್ತು ಅದೇ ರೆವೆಲ್ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ನಿಮ್ಮಲ್ಲಿ ಇರುವುದು ಇಷ್ಟೇ ವಾಹನ. ಅವುಗಳಿಂದ ಗೊತ್ತುಪಡಿಸಿದ ಸಮಯದೊಳಗೆ ಹೆಚ್ಚೆಂದರೆ ಎಷ್ಟು ಜನರನ್ನು ತಲುಪಬಹುದು? ಇಂದಿಗೂ ಆಂಬುಲೆನ್ಸ್ ನಿಲ್ದಾಣಗಳ ಲೆಕ್ಕ ಶುರುವಾಗುವುದು ಸಾಮಾನ್ಯವಾಗಿ ಈ ಪ್ರಶ್ನೆಯಿಂದಲೇ.

ಲೆಕ್ಕಕ್ಕೆ ಬೇಕಾದ ಸಾಮಗ್ರಿ ನಾಲ್ಕು. ಎಲ್ಲೆಲ್ಲಿ ಎಷ್ಟು ಮನೆಗಳಿವೆ ಎಂಬ ಪಟ್ಟಿ. ವಾಹನ ನಿಲ್ಲಿಸಲು ಸಾಧ್ಯವಿರುವ ಜಾಗಗಳ ಪಟ್ಟಿ: ಪ್ರಾಥಮಿಕ ಆರೋಗ್ಯ ಕೇಂದ್ರ, ಪೊಲೀಸ್ ಠಾಣೆ, ನಾಡಕಚೇರಿ, ಹೀಗೆ ಸಿಬ್ಬಂದಿಗೆ ಶೌಚಾಲಯವೂ ಫೋನಿಗೆ ಸಿಗ್ನಲ್ಲೂ ಇರುವ ಕಡೆಗಳು. ಪ್ರತಿ ಜಾಗದಿಂದ ಪ್ರತಿ ಊರಿಗೆ ಎಷ್ಟು ನಿಮಿಷದ ಹಾದಿ ಎಂಬ ಕೋಷ್ಟಕ. ಕೊನೆಯದಾಗಿ ಸಮಯದ ಮಿತಿ. ಕೋಷ್ಟಕದಲ್ಲಿ ಮಿತಿಯೊಳಗಿನ ಅಂಕಿಗಳೆಲ್ಲ ‘ಹೌದು’ ಆಗುತ್ತವೆ, ಮಿತಿ ಮೀರಿದವೆಲ್ಲ ‘ಇಲ್ಲ’ ಆಗುತ್ತವೆ. ಅಲ್ಲಿಂದ ಮುಂದೆ ಗಣಿತಕ್ಕೆ ಕಾಣುವುದು ಈ ಹೌದು-ಇಲ್ಲಗಳು ಮಾತ್ರ.

ಕಲ್ಪನೆಯ ಒಂದು ತಾಲ್ಲೂಕನ್ನು ಇಟ್ಟುಕೊಂಡು ಇದನ್ನು ಕೈಯಲ್ಲೇ ಮಾಡಿ ನೋಡಬಹುದು. ತಾಲ್ಲೂಕಿನ ನಡುವೆ ಪಟ್ಟಣ. ಅದರ ಬಡಗಣ ಬಡಾವಣೆಗಳಲ್ಲಿ 3,000 ಮನೆ, ತೆಂಕಣ ಬಡಾವಣೆಗಳಲ್ಲಿ 3,000 ಮನೆ. ಪಟ್ಟಣದಿಂದ ಬಡಗಲಿಗೆ ಹೋಗುವ ರಸ್ತೆಯಲ್ಲಿ ಮೊದಲು 2,000 ಮನೆಗಳ ಹತ್ತಿರದ ಊರುಗಳು, ಆಮೇಲೆ ಒಂದು ಕ್ರಾಸ್, ಅದರಾಚೆ 3,000 ಮನೆಗಳ ದೂರದ ಊರುಗಳು. ತೆಂಕಲಿಗೂ ಹಾಗೆಯೇ: ಹತ್ತಿರ 2,000, ನಂತರ ಕ್ರಾಸ್, ಆಚೆಗೆ 3,000. ಇದಲ್ಲದೆ ತೆಂಕಣ ಕ್ರಾಸಿನಿಂದ ಕವಲೊಡೆದ ಘಾಟಿಯ ಮೇಲೆ ಚೆದುರಿದ ಮಜರೆಗಳಲ್ಲಿ 1,000 ಮನೆ. ಒಟ್ಟು 17,000.

ವಾಹನ ನಿಲ್ಲಿಸಬಹುದಾದ ಜಾಗ ನಾಲ್ಕು: ಪಟ್ಟಣದ ಆಸ್ಪತ್ರೆ, ಎರಡು ಕ್ರಾಸುಗಳು, ಗುಡ್ಡದ ಮೇಲಿನ ಆರೋಗ್ಯ ಕೇಂದ್ರ. ಆಸ್ಪತ್ರೆಯಿಂದ ಪಟ್ಟಣದ ಎಲ್ಲ ಕಡೆಗೆ ನಾಲ್ಕೈದು ನಿಮಿಷ, ಎರಡೂ ಬದಿಯ ಹತ್ತಿರದ ಊರುಗಳಿಗೆ 16 ನಿಮಿಷ, ದೂರದ ಊರುಗಳಿಗೆ 35 ನಿಮಿಷ. ಕ್ರಾಸಿನಲ್ಲಿ ನಿಂತ ವಾಹನ ಹತ್ತಿರದ ಊರುಗಳಿಗೆ 5 ನಿಮಿಷಕ್ಕೆ, ದೂರದ ಊರುಗಳಿಗೆ 14 ನಿಮಿಷಕ್ಕೆ ತಲುಪುತ್ತದೆ. ಪಟ್ಟಣದ ಕಡೆ ಹೊರಟರೆ ತನ್ನ ಬದಿಯ ಬಡಾವಣೆಗಳಿಗೆ 18 ನಿಮಿಷ, ಆಚೆ ಬದಿಯವಕ್ಕೆ 24 ನಿಮಿಷ. ಗುಡ್ಡದ ಮಜರೆಗಳಿಗೆ ತೆಂಕಣ ಕ್ರಾಸಿನಿಂದ 38 ನಿಮಿಷ ಬೇಕು, ಉಳಿದ ಕಡೆಗಳಿಂದ 50 ಮೀರುತ್ತದೆ. ಮಿತಿ 20 ನಿಮಿಷ ಎಂದಿರಲಿ.

ಎಲ್ಲ ಮನೆಗಳನ್ನೂ ಮುಟ್ಟಬೇಕೆಂಬ 1971ರ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಮೂರು ವಾಹನ ಬೇಕಾಗುತ್ತದೆ: ಕ್ರಾಸಿಗೊಂದೊಂದು, ಗುಡ್ಡಕ್ಕೊಂದು. ಆ ಮೂರನೆಯದು ಸಾವಿರ ಮನೆಗಳಿಗಾಗಿ ಮಾತ್ರ. ಎರಡೇ ವಾಹನ ಇದ್ದರೆ? ಅನುಭವದ ಜಾಣ್ಮೆ ಹೇಳುವುದು ಹೀಗೆ: ಮೊದಲನೆಯದನ್ನು ಅತಿ ಹೆಚ್ಚು ಮನೆಗಳನ್ನು ಮುಟ್ಟುವ ಕಡೆ ನಿಲ್ಲಿಸು. ಆಸ್ಪತ್ರೆಯಿಂದ ಪಟ್ಟಣದ 6,000 ಮತ್ತು ಹತ್ತಿರದ 4,000 ಸೇರಿ 10,000 ಮನೆ ಸಿಗುತ್ತವೆ. ಕ್ರಾಸಿನಿಂದ ಸಿಗುವುದು 8,000. ಹಾಗಾಗಿ ಮೊದಲ ವಾಹನ ಆಸ್ಪತ್ರೆಗೆ. ಎರಡನೆಯದನ್ನು ಯಾವುದೋ ಒಂದು ಕ್ರಾಸಿನಲ್ಲಿ ನಿಲ್ಲಿಸಿದರೆ ಹೊಸದಾಗಿ ಸಿಗುವುದು ದೂರದ 3,000 ಮನೆ ಮಾತ್ರ, ಏಕೆಂದರೆ ಉಳಿದವನ್ನು ಆಸ್ಪತ್ರೆಯ ವಾಹನ ಆಗಲೇ ಮುಟ್ಟಿದೆ. ಒಟ್ಟು 13,000, ಅಂದರೆ ನೂರಕ್ಕೆ 76.

ಈಗ ಆಸ್ಪತ್ರೆಯನ್ನು ಬಿಟ್ಟು ಎರಡೂ ಕ್ರಾಸುಗಳಲ್ಲಿ ಒಂದೊಂದು ನಿಲ್ಲಿಸಿದರೆ 8,000 ಮತ್ತು 8,000 ಸೇರಿ 16,000. ನೂರಕ್ಕೆ 94. ಅದೇ ವಾಹನ, ಅದೇ ಸಿಬ್ಬಂದಿ, ಮೂರು ಸಾವಿರ ಮನೆ ಹೆಚ್ಚು. ಒಂಟಿಯಾಗಿ ನೋಡಿದಾಗ ಎಲ್ಲಕ್ಕಿಂತ ಒಳ್ಳೆಯದೆನಿಸಿದ ಜಾಗ ಜೋಡಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಂತಹಂತವಾಗಿ ವಾಹನ ಮಂಜೂರಾಗುವ ಕಡೆಯಲ್ಲೆಲ್ಲ ಈ ನಷ್ಟಕ್ಕೆ ದಾರಿಯಿದೆ. ಮೊದಲನೆಯದು ಬಂದಾಗ ಅದಕ್ಕೆ ಸರಿಯೆನಿಸಿದ ಜಾಗ ಕೊಡುತ್ತಾರೆ. ಎರಡನೆಯದು ಬಂದಾಗ ಮೊದಲನೆಯದನ್ನು ಕದಲಿಸುವ ಯೋಚನೆ ಯಾರಿಗೂ ಬರುವುದಿಲ್ಲ.

ನಾಲ್ಕು ಜಾಗಗಳಲ್ಲಿ ಎರಡನ್ನು ಆರಿಸಲು ಆರೇ ಜೋಡಿಗಳಿವೆ, ಪೆನ್ಸಿಲ್ ಸಾಕು. ಒಂದು ಜಿಲ್ಲೆಯ ನೂರು ಜಾಗಗಳಲ್ಲಿ ಹತ್ತನ್ನು ಆರಿಸಬೇಕಾದಾಗ ಸಾಧ್ಯತೆಗಳು 17 ಲಕ್ಷ ಕೋಟಿಯನ್ನು ದಾಟುತ್ತವೆ. ಒಂದೊಂದನ್ನೇ ಎಣಿಸುತ್ತಾ ಕೂರುವ ಬದಲು ಕಂಪ್ಯೂಟರ್ ‘ಈ ಜಾಗವನ್ನು ಸೇರಿಸಿದರೆ ಉಳಿದದ್ದು ಎಷ್ಟೇ ಚೆನ್ನಾಗಿ ಕೂಡಿಬಂದರೂ ಈಗಾಗಲೇ ಸಿಕ್ಕ ಉತ್ತರವನ್ನು ಮೀರಲಾರದು’ ಎಂದು ಸಾಬೀತುಮಾಡಿ ಇಡೀ ಕೊಂಬೆಗಳನ್ನೇ ಕತ್ತರಿಸುತ್ತಾ ಹೋಗುತ್ತದೆ. ಇಷ್ಟು ಗಾತ್ರದ ಲೆಕ್ಕ ಇಂದು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಬಗೆಹರಿಯುತ್ತದೆ. ಕಷ್ಟ ಇರುವುದು ಗಣಿತದಲ್ಲಲ್ಲ, ಅದಕ್ಕೆ ಊಡಿಸುವ ಅಂಕಿಗಳಲ್ಲಿ.

ಇದು ಬರೀ ಕಾಗದದ ಲೆಕ್ಕವಲ್ಲ ಎಂಬುದಕ್ಕೆ ಹೆಸರಾಂತ ಸಾಕ್ಷಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರ. ಡೇವಿಡ್ ಈಟನ್, ಮಾರ್ಕ್ ಡ್ಯಾಸ್ಕಿನ್ ಮತ್ತು ಸಂಗಡಿಗರು ಚರ್ಚ್-ರೆವೆಲ್ ವಿಧಾನದಿಂದಲೇ ಆ ನಗರದ ಆಂಬುಲೆನ್ಸುಗಳಿಗೆ ಜಾಗ ಹುಡುಕಿದರು. 1985ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ ಕಟ್ಟಡಗಳ ಖರ್ಚಿನಲ್ಲಿ 34 ಲಕ್ಷ ಡಾಲರ್, ನಡೆಸುವ ಖರ್ಚಿನಲ್ಲಿ ವರ್ಷಕ್ಕೆ 12 ಲಕ್ಷ ಡಾಲರ್ ಉಳಿಯಿತು. ಕರೆಗಳ ಸಂಖ್ಯೆ ಏರಿದ್ದರೂ ಸ್ಥಳ ತಲುಪುವ ಸರಾಸರಿ ಸಮಯ ಇಳಿಯಿತು. ಹಣ ಉಳಿದದ್ದು ಹೇಗೆಂದು ಮೇಲಿನ ತಾಲ್ಲೂಕನ್ನು ನೋಡಿದವರಿಗೆ ಊಹಿಸುವುದು ಕಷ್ಟವಲ್ಲ. ಒಂದರ ವ್ಯಾಪ್ತಿಯ ಮೇಲೆ ಇನ್ನೊಂದರ ವ್ಯಾಪ್ತಿ ಬೀಳದಂತೆ ಜಾಗ ಆರಿಸಿದಾಗ ಕಡಿಮೆ ಕೇಂದ್ರಗಳೇ ಹೆಚ್ಚು ಮನೆಗಳನ್ನು ಮುಟ್ಟುತ್ತವೆ.

ಇನ್ನು ಅಂಕಿಗಳ ವಿಷಯ. ‘20 ನಿಮಿಷ’ ಎಂದರೆ ಯಾವಾಗಿನಿಂದ? ಮನೆಯವರು 108ಕ್ಕೆ ಫೋನ್ ಮಾಡಿದ ಕ್ಷಣದಿಂದಲೋ, ವಾಹನದ ಚಕ್ರ ಉರುಳಿದ ಕ್ಷಣದಿಂದಲೋ? ಕರ್ನಾಟಕದಲ್ಲಿ 108 ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಅಲ್ಲಿಗೆ ಬಂದ ಕರೆಯನ್ನು ಒಬ್ಬರು ಎತ್ತಿಕೊಳ್ಳಬೇಕು, ಊರು-ಕೇರಿ-ಗುರುತು ಕೇಳಿ ಬರೆದುಕೊಳ್ಳಬೇಕು, ಖಾಲಿಯಿರುವ ವಾಹನ ಯಾವುದೆಂದು ನೋಡಿ ತಿಳಿಸಬೇಕು. ಆಮೇಲೆ ಪೈಲಟ್ ಎಂದು ಕರೆಯುವ ಚಾಲಕನೂ ತುರ್ತು ಚಿಕಿತ್ಸೆಯ ತಂತ್ರಜ್ಞನೂ ಬಂದು ಕೂರಬೇಕು. ಇದೆಲ್ಲಕ್ಕೆ ಮೂರು ನಿಮಿಷ ಹಿಡಿಯಿತೆಂದರೆ ರಸ್ತೆಗೆ ಉಳಿಯುವುದು 17 ನಿಮಿಷ.

ಮೂರು ನಿಮಿಷ ತಾನೇ ಎನಿಸಬಹುದು. ಅದೇ ತಾಲ್ಲೂಕಿನಲ್ಲಿ ಮಿತಿಯನ್ನು 17ಕ್ಕೆ ಇಳಿಸಿ ನೋಡಿದರೆ ಉತ್ತರವೇ ಬುಡಮೇಲಾಗುತ್ತದೆ. ಕ್ರಾಸಿನಿಂದ ಪಟ್ಟಣದ ಬಡಾವಣೆಗಳಿಗೆ 18 ನಿಮಿಷ. ಒಂದೇ ನಿಮಿಷ ಹೆಚ್ಚಾಗಿ ಅವು ಕೈತಪ್ಪುತ್ತವೆ. ಈಗ ಎರಡು ಕ್ರಾಸುಗಳು ಸೇರಿ ಮುಟ್ಟುವುದು 10,000 ಮನೆ. ಆಸ್ಪತ್ರೆ ಮತ್ತು ಒಂದು ಕ್ರಾಸ್ ಸೇರಿದರೆ 13,000. ಹಳೆಯ ಜಾಣ್ಮೆಯ ಉತ್ತರವೇ ಈಗ ಸರಿಯಾದ ಉತ್ತರ! ಮಿತಿಯ ಅರ್ಥವನ್ನು ಸ್ಪಷ್ಟಪಡಿಸದೆ ಸಾಫ್ಟ್‌ವೇರಿಗೆ ಅಂಕಿ ಹಾಕಿದವರು, ಯಾವ ತಪ್ಪೂ ಕಾಣದ ಸುಂದರ ನಕ್ಷೆಯ ಜೊತೆಗೆ ತಪ್ಪು ಜಾಗವನ್ನು ಪಡೆದು ಬರುತ್ತಾರೆ. ಇದನ್ನು ಪತ್ತೆಹಚ್ಚುವುದು ಸುಲಭ, ಆದರೆ ಮಾಡುವವರು ಬೇಕು. ಮಿತಿಯನ್ನು ಎರಡು-ಮೂರು ನಿಮಿಷ ಆಚೀಚೆ ಸರಿಸಿ ಲೆಕ್ಕವನ್ನು ಮತ್ತೆ ಮತ್ತೆ ಓಡಿಸಬೇಕು. ಎಲ್ಲ ಸಲವೂ ಉಳಿದುಕೊಳ್ಳುವ ಜಾಗ ಗಟ್ಟಿ. ಒಂದು ಸಲ ಬಂದು ಇನ್ನೊಂದು ಸಲ ಮಾಯವಾಗುವ ಜಾಗಕ್ಕೆ ಕಟ್ಟಡ ಕಟ್ಟುವ ಮುನ್ನ ಒಂದು ಶೆಡ್ಡಿನಲ್ಲಿ ವಾಹನ ನಿಲ್ಲಿಸಿ ಆರು ತಿಂಗಳು ನೋಡುವುದು ಒಳ್ಳೆಯದು.

ಪ್ರಯಾಣದ ಸಮಯದ ಕೋಷ್ಟಕ ಇನ್ನೂ ದೊಡ್ಡ ತಲೆನೋವು. ನಕ್ಷೆಯ ಮೇಲೆ ಕೇಂದ್ರದ ಸುತ್ತ ವೃತ್ತ ಎಳೆದು ‘ಇಷ್ಟು ಕಿಲೋಮೀಟರಿನೊಳಗಿನವರೆಲ್ಲ ನಮ್ಮವರು’ ಎನ್ನುವುದು ಎಲ್ಲಕ್ಕಿಂತ ಸುಲಭದ ದಾರಿ. ಅದರಿಂದ ಏನಾಗುತ್ತದೆಂದು ತಿಳಿಯಲು ಶರಾವತಿಯ ಹಿನ್ನೀರಿಗೆ ಹೋಗಬೇಕು. ಸಾಗರ ತಾಲ್ಲೂಕಿನ ಅಂಬಾರಗೋಡ್ಲಿನ ದಡದಿಂದ ಆಚೆ ಕಳಸವಳ್ಳಿಯ ದಡ ಕಣ್ಣಿಗೆ ಕಾಣುತ್ತದೆ. ಲಿಂಗನಮಕ್ಕಿಯ ನೀರು ನಿಂತ ಮೇಲೆ ತುಮರಿ ಸೀಮೆಯವರು ಸಾಗರಕ್ಕೆ ಬರಲು ಲಾಂಚ್ ಹಿಡಿಯಬೇಕಿತ್ತು, ಇಲ್ಲವೇ ಬಹುದೂರದ ಸುತ್ತುದಾರಿ ಹಿಡಿಯಬೇಕಿತ್ತು. ಕತ್ತಲಾದ ಮೇಲೆ ಲಾಂಚ್ ಇಲ್ಲ. ವೃತ್ತ ಎಳೆದವನ ನಕ್ಷೆಯಲ್ಲಿ ತುಮರಿ ಹಗಲಿರುಳೂ ಅಂಬಾರಗೋಡ್ಲಿಗೆ ಅಂಟಿಕೊಂಡೇ ಇರುತ್ತಿತ್ತು. 2025ರ ಜುಲೈ 14ರಂದು ಅಲ್ಲಿ 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಅಂದಿನಿಂದ ಆ ಸೀಮೆಯ ಕೋಷ್ಟಕದ ಸಾಲುಗಳೇ ಬದಲಾದವು. ಹಳೆಯ ಸಾಲುಗಳನ್ನಿಟ್ಟುಕೊಂಡು ಮಾಡಿದ ಯಾವ ಹಂಚಿಕೆಯೂ ಇನ್ನು ಅಲ್ಲಿಗೆ ಸಲ್ಲದು.

ರಸ್ತೆಯ ನಕ್ಷೆಯನ್ನೇ ಬಳಸಿದರೂ ಸಾಫ್ಟ್‌ವೇರ್ ಕೊಡುವ ವೇಗ ನಂಬುವಂಥದ್ದಲ್ಲ. ಜಿಲ್ಲಾ ರಸ್ತೆ ಎಂದೊಡನೆ ಗಂಟೆಗೆ 50 ಕಿಲೋಮೀಟರ್ ಎಂದು ಅದು ಹಿಡಿದುಬಿಡಬಹುದು. ಆ ರಸ್ತೆಯ ಹಂಪುಗಳು, ಸಂತೆಯ ದಿನದ ಜನ, ರೈಲ್ವೆ ಗೇಟು, ಮಳೆಗಾಲದ ಗುಂಡಿ ಅದಕ್ಕೆ ಗೊತ್ತಿಲ್ಲ. ಇದಕ್ಕೆ ಮದ್ದು ಆಂಬುಲೆನ್ಸಿನ ಜಿಪಿಎಸ್ ದಾಖಲೆಯಲ್ಲೇ ಇದೆ. ನಿಜವಾಗಿ ಓಡಿದ ಓಟಗಳಲ್ಲಿ ಯಾವ ಬಗೆಯ ರಸ್ತೆಯಲ್ಲಿ ಎಷ್ಟು ವೇಗ ಸಿಕ್ಕಿದೆ ಎಂದು ತೆಗೆದು, ಕೋಷ್ಟಕವನ್ನು ಅದರಂತೆ ತಿದ್ದಬೇಕು. ಹಗಲಿಗೊಂದು, ರಾತ್ರಿಗೊಂದು, ಮಲೆನಾಡಿನಲ್ಲಾದರೆ ಮಳೆಗಾಲಕ್ಕೆ ಇನ್ನೊಂದು ಕೋಷ್ಟಕ ಮಾಡುವುದು ವ್ಯರ್ಥ ಶ್ರಮವೇನಲ್ಲ.

ಮಲೆನಾಡಿಗೇ ಅಂಟಿದ ಇನ್ನೊಂದು ತೊಡಕಿದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಗ್ರಾಮವನ್ನು ಒಂದು ಚುಕ್ಕೆಯಾಗಿ ತೋರಿಸುತ್ತಾರೆ. ಬಯಲುಸೀಮೆಯಲ್ಲಿ ಮನೆಗಳು ಗುಂಪಾಗಿರುವುದರಿಂದ ಅದರಲ್ಲಿ ದೊಡ್ಡ ಮೋಸವಿಲ್ಲ. ತೀರ್ಥಹಳ್ಳಿಯ ಕಡೆ ಒಂದು ಗ್ರಾಮವೆಂದರೆ ಅಡಿಕೆ ತೋಟಗಳ ನಡುವೆ, ಕಣಿವೆಗೊಂದರಂತೆ ಹರಡಿದ ಮನೆಗಳು. ಪಂಚಾಯಿತಿ ಕಚೇರಿಯ ಚುಕ್ಕೆಗೆ 14 ನಿಮಿಷದಲ್ಲಿ ತಲುಪಿದ ವಾಹನ, ಕಾಲುಸಂಕದ ಆಚೆಯ ಒಂಟಿ ಮನೆಯನ್ನು ಮುಟ್ಟಲು ಇನ್ನೂ ಹತ್ತು ನಿಮಿಷ ಬೇಕಾಗಬಹುದು. ಲೆಕ್ಕದಲ್ಲಿ ಮಾತ್ರ ಇಡೀ ಗ್ರಾಮ ‘ಹೌದು’. ಚುಕ್ಕೆಗಳನ್ನು ಸಣ್ಣದು ಮಾಡಿದಷ್ಟೂ, ಅಂದರೆ ಗ್ರಾಮದ ಬದಲು ಮಜರೆ, ಮಜರೆಯ ಬದಲು ಮನೆಗಳ ಗುಂಪನ್ನು ಹಿಡಿದಷ್ಟೂ ಈ ಸುಳ್ಳು ಕರಗುತ್ತದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ 1974ರ ಲೆಕ್ಕದಲ್ಲಿ ಒಂದು ದೊಡ್ಡ ಊಹೆ ಅಡಗಿ ಕೂತಿರುತ್ತದೆ: ಕರೆ ಬಂದಾಗ ವಾಹನ ತನ್ನ ಜಾಗದಲ್ಲೇ ಇರುತ್ತದೆ ಎಂಬುದು. ಅಗ್ನಿಶಾಮಕ ವಾಹನದ ವಿಷಯದಲ್ಲಿ ಇದು ಬಹುಪಾಲು ನಿಜ. ಆಂಬುಲೆನ್ಸಿಗೆ ಅಲ್ಲ. ಹಳ್ಳಿಯ ಒಂದು ಓಟವನ್ನೇ ನೋಡಿ. ಹೋಗಲು 20 ನಿಮಿಷ, ರೋಗಿಯನ್ನು ನೋಡಿ ಹತ್ತಿಸಲು 15, ಆಸ್ಪತ್ರೆಗೆ 40, ಒಪ್ಪಿಸಿ ಬರಲು 15, ಮರಳಿ ತನ್ನ ಜಾಗಕ್ಕೆ 30. ಒಟ್ಟು ಎರಡು ಗಂಟೆ. ತಾಲ್ಲೂಕಿನಲ್ಲಿ ದಿನಕ್ಕೆ ಏಳು ಕರೆ ಬಂದರೆ 14 ಗಂಟೆ. ಎರಡು ವಾಹನಗಳ ಒಟ್ಟು 48 ಗಂಟೆಯಲ್ಲಿ ಇದು ಸುಮಾರು ಶೇ. 30. ಅಂದರೆ ಕರೆ ಬಂದ ಹತ್ತು ಸಲದಲ್ಲಿ ಮೂರು ಸಲ ಆ ವಾಹನ ಬೇರೆಲ್ಲೋ ಇರುತ್ತದೆ.

ಡ್ಯಾಸ್ಕಿನ್ 1983ರಲ್ಲಿ ಇದನ್ನು ಲೆಕ್ಕದೊಳಗೇ ತಂದರು. ಅವರ ಯುಕ್ತಿ ತುಂಬ ಸರಳ. ಒಂದೇ ವಾಹನದ ವ್ಯಾಪ್ತಿಯಲ್ಲಿರುವ ಮನೆಗೆ ಪೂರ್ತಿ ಅಂಕ ಕೊಡಬಾರದು, 0.7 ಅಂಕ ಮಾತ್ರ. ಎರಡು ವಾಹನಗಳ ವ್ಯಾಪ್ತಿಯಲ್ಲಿರುವ ಮನೆಗೆ ಸೇವೆ ತಪ್ಪುವುದು ಎರಡೂ ಹೊರಗಿದ್ದಾಗ ಮಾತ್ರ. ಅದರ ಸಂಭವ 0.3ರ 0.3 ಪಾಲು, ಅಂದರೆ 0.09. ಹಾಗಾಗಿ ಆ ಮನೆಗೆ 0.91 ಅಂಕ. ಹೀಗೆ ಅಂಕ ಹಾಕಿದರೆ 20 ನಿಮಿಷದ ಮಿತಿಯಲ್ಲಿ ಎರಡು ಕ್ರಾಸುಗಳ ಹಂಚಿಕೆಗೆ 16,000ದ 0.7, ಅಂದರೆ 11,200 ಬರುತ್ತದೆ. ಆಸ್ಪತ್ರೆ ಮತ್ತು ಒಂದು ಕ್ರಾಸಿನ ಹಂಚಿಕೆಯಲ್ಲಿ 5,000 ಮನೆಗಳಿಗೆ ಜೋಡಿ ಆಸರೆ, 8,000 ಮನೆಗಳಿಗೆ ಒಂಟಿ ಆಸರೆ, ಒಟ್ಟು 10,150. ಎರಡನ್ನೂ ಆಸ್ಪತ್ರೆಯಲ್ಲೇ ನಿಲ್ಲಿಸಿದರೆ 9,100. ಕ್ರಾಸುಗಳೇ ಮುಂದಿವೆ, ಆದರೆ ನಕ್ಷೆ ಹೇಳಿದ 94ರ ಬದಲು ನೂರಕ್ಕೆ 66 ಮನೆಗಳಿಗಷ್ಟೇ ಭರವಸೆ. ಪತ್ರಿಕಾ ಪ್ರಕಟಣೆಗಳಲ್ಲಿ ಬರುವ ‘ವ್ಯಾಪ್ತಿ’ಯ ಅಂಕಿ ಇವೆರಡರಲ್ಲಿ ಯಾವುದು ಎಂದು ಓದುಗರು ಕೇಳಲೇಬೇಕು.

ಈಗ ಒಂದು ಬದಲಾವಣೆ. ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರಿಲ್ಲ, ಬಹುತೇಕ ರೋಗಿಗಳನ್ನು ಜಿಲ್ಲಾಸ್ಪತ್ರೆಗೇ ಒಯ್ಯಬೇಕು ಎಂದಾಯಿತು. ಒಂದು ಓಟಕ್ಕೆ ನಾಲ್ಕು ಗಂಟೆ. ಕರೆಗಳು ಅದೇ ಏಳು, ಆದರೆ ವಾಹನಗಳು ಈಗ 28 ಗಂಟೆ ಹೊರಗಿರುತ್ತವೆ, ಶೇ. 60ರ ಹತ್ತಿರ. ಶೇ. 60 ಎಂದೇ ಹಿಡಿದು ಲೆಕ್ಕ ಹಾಕಿದರೆ ಮೂರೂ ಹಂಚಿಕೆಗಳಿಗೆ ಬರುವುದು ಒಂದೇ ಅಂಕ, 6,400. ಅದಕ್ಕಿಂತ ಸ್ವಲ್ಪ ಮೇಲೇರಿ ಶೇ. 70 ಆದರೆ ಎರಡನ್ನೂ ಆಸ್ಪತ್ರೆಯಲ್ಲೇ ನಿಲ್ಲಿಸುವುದು ಮುಂದೆ ಬರುತ್ತದೆ: 5,100ಕ್ಕೆ ಎದುರಾಗಿ ಕ್ರಾಸುಗಳಿಗೆ 4,800. ಮನೆಗಳ ಸಂಖ್ಯೆಯಾಗಲಿ ರಸ್ತೆಯಾಗಲಿ ಬದಲಾಗಿಲ್ಲ. ಶಸ್ತ್ರಚಿಕಿತ್ಸಕರೋ ಅರಿವಳಿಕೆ ತಜ್ಞರೋ ಇಲ್ಲದ ಒಂದು ಹುದ್ದೆ ಇಡೀ ತಾಲ್ಲೂಕಿನ ವಾಹನಗಳ ಜಾಗವನ್ನೇ ಬದಲಿಸಿತು. ಆಂಬುಲೆನ್ಸ್ ತಡವಾಯಿತೆಂಬ ದೂರು ಬಂದಾಗ ಪೈಲಟ್‌ನನ್ನು ಬೈಯುವ ಮೊದಲು ನೋಡಬೇಕಾದದ್ದು ಈ ಅಂಕಿಯನ್ನು. ವಾಹನಗಳು ದಿನದ ಎಷ್ಟು ಪಾಲು ಹೊರಗಿವೆ, ಅದರಲ್ಲಿ ಎಷ್ಟು ಪಾಲು ದೂರದ ಆಸ್ಪತ್ರೆಯ ದಾರಿಯಲ್ಲಿ ಕಳೆದಿದೆ?

ಡ್ಯಾಸ್ಕಿನ್ ಲೆಕ್ಕಕ್ಕೂ ತನ್ನದೇ ಮಿತಿಯಿದೆ. ಎರಡು ವಾಹನಗಳು ಬಿಡುವಿಲ್ಲದಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು ಎಂದು ಅದು ಭಾವಿಸುತ್ತದೆ. ವಾಸ್ತವದಲ್ಲಿ ಒಂದು ಹೊರಟರೆ ಅದರ ಪಾಲಿನ ಕರೆಯೂ ಇನ್ನೊಂದರ ಮೇಲೆ ಬೀಳುತ್ತದೆ. ಸಂಜೆಯ ಹೆದ್ದಾರಿ ಅಪಘಾತದಲ್ಲಿ ಎರಡೂ ಒಟ್ಟಿಗೇ ಹೊರಡುತ್ತವೆ. ಇಂಥ ಹೆಣಿಗೆಯನ್ನು ಬಿಡಿಸುವ ಮಾದರಿಯೊಂದನ್ನು ಎಂಐಟಿಯ ರಿಚರ್ಡ್ ಲಾರ್ಸನ್ 1974ರಲ್ಲೇ ಕೊಟ್ಟಿದ್ದರು. ಜಾಗ ಆರಿಸಲು ಮೊದಲ ವಿಧಾನ, ಆರಿಸಿದ ಜಾಗವನ್ನು ಪರೀಕ್ಷಿಸಲು ಇಂಥ ವಿಧಾನ ಅಥವಾ ಕಂಪ್ಯೂಟರಿನಲ್ಲಿ ಹಳೆಯ ಕರೆಗಳನ್ನೇ ಮತ್ತೆ ಓಡಿಸಿ ನೋಡುವುದು: ಬಲ್ಲವರು ಹೀಗೆ ಎರಡನ್ನೂ ಬಳಸುತ್ತಾರೆ.

ಇಷ್ಟರಲ್ಲಿ ಗುಡ್ಡದ ಮೇಲಿನ ಸಾವಿರ ಮನೆಗಳನ್ನು ಎಲ್ಲರೂ ಮರೆತಿದ್ದಾರೆ. ಅದು ಗಣಿತದ ಸ್ವಭಾವ. ಹೆಚ್ಚು ಮನೆಗಳನ್ನು ಮುಟ್ಟು ಎಂದು ಕೇಳಿದರೆ ಅದು ಚೆದುರಿದವರನ್ನು ಮೊದಲು ಬಿಟ್ಟುಬಿಡುತ್ತದೆ. ಮಿತಿಯಿಂದ ಒಂದು ನಿಮಿಷ ಆಚೆಗಿರುವವರೂ ಒಂದು ಗಂಟೆ ಆಚೆಗಿರುವವರೂ ಅದಕ್ಕೆ ಒಂದೇ. ಚರ್ಚ್ ಮತ್ತು ರೆವೆಲ್ ಇದನ್ನು ಕಂಡಿದ್ದರು. ಅದೇ 1974ರ ಲೇಖನದಲ್ಲಿ ಎರಡನೆಯ ಮಿತಿಯೊಂದನ್ನೂ ಸೇರಿಸುವ ದಾರಿ ತೋರಿಸಿದ್ದಾರೆ: ಹೆಚ್ಚಿನವರು ಮೊದಲ ಮಿತಿಯೊಳಗೆ ಬರಲಿ, ಆದರೆ ಎರಡನೆಯ ಮಿತಿಯಿಂದ ಯಾರೂ ಹೊರಗುಳಿಯಬಾರದು. ತಾಲ್ಲೂಕಿನಲ್ಲಿ ಆ ಎರಡನೆಯ ಮಿತಿ 40 ನಿಮಿಷ ಎಂದಿಟ್ಟರೆ, ಗುಡ್ಡವನ್ನು 38 ನಿಮಿಷದಲ್ಲಿ ಮುಟ್ಟುವ ತೆಂಕಣ ಕ್ರಾಸಿನಲ್ಲಿ ಒಂದು ವಾಹನ ಇರಲೇಬೇಕಾಗುತ್ತದೆ. ಮಿತಿ 17 ಆದಾಗ ಆಸ್ಪತ್ರೆಯ ಜೊತೆ ಬಡಗಣ ಕ್ರಾಸನ್ನು ಸೇರಿಸಿದರೂ ತೆಂಕಣ ಕ್ರಾಸನ್ನು ಸೇರಿಸಿದರೂ 13,000 ಮನೆಗಳೇ ಸಿಗುತ್ತಿದ್ದವು. ಈಗ ಆಯ್ಕೆಗೆ ಅವಕಾಶವಿಲ್ಲ, ತೆಂಕಣ ಕ್ರಾಸೇ. ಒಂದು ಮನೆಯನ್ನೂ ಕಳೆದುಕೊಳ್ಳದೆ ಗುಡ್ಡದವರಿಗೆ ಆಸರೆ ಸಿಕ್ಕಿತು. ಎಲ್ಲ ಸಲವೂ ಇಷ್ಟು ಅಗ್ಗವಾಗಿ ಸಿಗುವುದಿಲ್ಲ, ನಿಜ. ಸಿಗದಾಗಲೂ ಎಷ್ಟು ಮನೆಗಳ ಬೆಲೆಗೆ ಗುಡ್ಡದವರಿಗೆ ಈ ಭರವಸೆ ಕೊಡುತ್ತಿದ್ದೇವೆ ಎಂಬುದು ಕಾಗದದ ಮೇಲೆ ಬರುತ್ತದೆ. ತೀರ್ಮಾನ ಮಾಡುವವರು ಅದನ್ನು ನೋಡಿಯೇ ಸಹಿ ಹಾಕಬೇಕಾಗುತ್ತದೆ.

ಮನೆಗಳನ್ನು ಎಣಿಸಬೇಕೋ, ಹಿಂದಿನ ವರ್ಷಗಳ ಕರೆಗಳನ್ನು ಎಣಿಸಬೇಕೋ ಎಂಬ ವಾದವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಕರೆಗಳ ದಾಖಲೆ ವಾಸ್ತವಕ್ಕೆ ಹತ್ತಿರ. ಹೆದ್ದಾರಿಯ ತಿರುವಿನಲ್ಲಿ ಮನೆಗಳಿಲ್ಲದಿದ್ದರೂ ಅಪಘಾತಗಳಿವೆ, ವಯಸ್ಸಾದವರು ಹೆಚ್ಚಿರುವ ಊರಿನಿಂದ ಕರೆಗಳು ಹೆಚ್ಚು. ಆದರೆ ವಾಹನ ಬರಲು ಒಂದು ಗಂಟೆ ಹಿಡಿಯುವ ಊರಿನವರು ಕ್ರಮೇಣ ಫೋನ್ ಮಾಡುವುದನ್ನೇ ಬಿಟ್ಟು ಯಾರದಾದರೂ ಜೀಪು ಹುಡುಕುತ್ತಾರೆ. ದಾಖಲೆಯಲ್ಲಿ ಆ ಊರಿಗೆ ಬೇಡಿಕೆಯೇ ಇಲ್ಲ ಎಂದು ಕಾಣುತ್ತದೆ, ಬೇಡಿಕೆಯಿಲ್ಲದ ಊರಿಗೆ ಲೆಕ್ಕವು ವಾಹನ ಕೊಡುವುದಿಲ್ಲ. ಇದನ್ನು ಗುರುತಿಸಲು ಸಾವಿರ ಮನೆಗಳಿಗೆ ಎಷ್ಟು ಕರೆ ಎಂಬುದನ್ನು ಊರುವಾರು ಹಾಕಿ, ಅದರ ಪಕ್ಕದಲ್ಲಿ ಹತ್ತಿರದ ನಿಲ್ದಾಣದಿಂದ ಆ ಊರಿಗೆ ಹಿಡಿಯುವ ನಿಮಿಷಗಳನ್ನು ಬರೆಯಬೇಕು. ನಿಮಿಷ ಏರಿದಂತೆ ಕರೆಗಳು ಇಳಿಯುತ್ತಾ ಹೋದರೆ, ಅಲ್ಲಿ ಕಡಿಮೆಯಾಗಿರುವುದು ಕಾಯಿಲೆಯಲ್ಲ. ಅಂಥ ಕಡೆ ಕರೆಗಳನ್ನು ಬದಿಗಿಟ್ಟು ಮನೆಗಳನ್ನೇ ಎಣಿಸುವುದು ಸರಿ.

ಹೊಸ ಜಾಗಕ್ಕೆ ವಾಹನ ಹೋದ ಮೇಲೆ ನೋಡಬೇಕಾದ ಪಟ್ಟಿ ಚಿಕ್ಕದು. ಪ್ರತಿ ಓಟಕ್ಕೂ ಕರೆ ಬಂದ ಹೊತ್ತು, ವಾಹನ ಹೊರಟ ಹೊತ್ತು, ಮನೆ ಬಾಗಿಲಿಗೆ ತಲುಪಿದ ಹೊತ್ತು, ಮತ್ತು ಬಂದದ್ದು ಆ ಊರಿನ ಪಾಲಿನ ವಾಹನವೇ ಅಥವಾ ಪಕ್ಕದ್ದೇ ಎಂಬ ಗುರುತು. ಪಾಲಿನ ವಾಹನವೇ ಬಂದು ತಡವಾಗಿದ್ದರೆ ಪ್ರಯಾಣದ ಕೋಷ್ಟಕದಲ್ಲಿ ತಪ್ಪಿದೆ. ಪಕ್ಕದ ವಾಹನ ಬಂದು ತಡವಾಗಿದ್ದರೆ ವಾಹನಗಳಿಗೆ ಬಿಡುವಿಲ್ಲ. ಕರೆ ಬಂದದ್ದಕ್ಕೂ ಹೊರಟದ್ದಕ್ಕೂ ನಡುವೆಯೇ ಆರೇಳು ನಿಮಿಷ ಕಳೆದಿದ್ದರೆ ನಿಲ್ದಾಣವನ್ನು ಎಲ್ಲಿಗೆ ಸರಿಸಿದರೂ ಪ್ರಯೋಜನವಿಲ್ಲ. ಅದು ಫೋನ್ ಎತ್ತುವ ಕೋಣೆಯಲ್ಲಿ ಸರಿಪಡಿಸಬೇಕಾದ ಕೆಲಸ.